ಎರಡು ಹಸಿರು ಬಳೆ

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಹಾಲಿನವನು ಹಾಕಿ ಹೋದ ಹಾಲನ್ನು ಒಂದು ಹನಿ ಉಗುರಿನ ಮೇಲೆ ಬಿಟ್ಟು ನೋಡದೆ ನಾನು ಒಲೆಯ ಮೇಲೆ ಇಟ್ಟವಳೇ ಅಲ್ಲ. ಸವಳಂಗ ರಸ್ತೆಯಲ್ಲಿ ನಮ್ಮ ಮನೆ ಹತ್ತಿರ ತರಕಾರಿ ಮಾರುವವಳು ನನ್ನನ್ನು ದೂರದಿಂದ ಕಂಡ ಕೂಡಲೇ ತಕ್ಕಡಿಯ ಮುಳ್ಳನ್ನು ತಾನಾಗಿಯೇ ನನ್ನ ಕಡೆ ತಿರುಗಿಸುತ್ತಾಳೆ. "ನೀನು ತಪ್ಪಿ ಆಸ್ಪತ್ರೆಗೆ ಸೇರಿದೆ ಮಾರಾಯ್ತಿ, ಪೊಲೀಸ್ ಸ್ಟೇಷನ್ನಿಗೆ ಸೇರಬೇಕಿತ್ತು" ಎಂದು ನಮ್ಮ ಯಜಮಾನರು ಮದುವೆಯಾದಂದಿನಿಂದ ಹೇಳುತ್ತಲೇ ಇದ್ದಾರೆ. ನಾನು ತಲೆ ಕೆಡಿಸಿಕೊಂಡಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಆ ಮೊಸರಿಗೂ ಯಾರು ಎಷ್ಟು ನೀರು ಬೆರೆಸಿದ್ದಾರೆ ಅಂತ ನೋಡಬೇಕಾಗುತ್ತದೆ.

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ನಾನು ಆಪ್ತ ಸಮಾಲೋಚಕಿ. ಕಾಯಿಲೆ ಬಂದವರನ್ನೂ ಅವರ ಮನೆಯವರನ್ನೂ ಕೂರಿಸಿಕೊಂಡು, ಇದು ಏನು, ಹೇಗೆ ಬಾಳಬೇಕು ಎಂದು ಹೇಳುವ ಕೆಲಸ. ಈಚಿನ ವರ್ಷಗಳಲ್ಲಿ ನನ್ನ ಪಾಲಿಗೆ ಹೆಚ್ಚಾಗಿ ಬಂದಿರುವುದು ಸಿಕಲ್ ಸೆಲ್. ಸರ್ಕಾರಿ ಪತ್ರಗಳಲ್ಲಿ ಇದಕ್ಕೆ ಕುಡಗೋಲು ಕಣ ರೋಗ ಎಂದು ಹೆಸರು. ರಕ್ತದ ದುಂಡನೆಯ ಕಣ ಕುಡಗೋಲಿನಂತೆ ಬಾಗಿ ಗಟ್ಟಿಯಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಕಡೆ ರಕ್ತ ಹರಿಯುವುದಿಲ್ಲ, ಅಲ್ಲಿ ಮೂಳೆ ಮುರಿದಷ್ಟು ನೋವು. ಅಪ್ಪ ಅಮ್ಮನಿಂದ ಬರುವ ಕಾಯಿಲೆ ಇದು. ಅಂಟುವುದಿಲ್ಲ, ಯಾರೂ ಮಾಟ ಮಾಡಿಸಿದ್ದೂ ಅಲ್ಲ.

ಭದ್ರಾವತಿಯಿಂದ ಆಚೆಗೆ, ಶಂಕರಘಟ್ಟದ ಬಸ್ಸಿನಲ್ಲಿ ಹೋದರೆ ನಡುವೆ ಇಳಿದು ಒಳಗೆ ನಡೆಯಬೇಕಾದ ಒಂದು ಕಾಲೋನಿ ಇದೆ. ಹಿಂದೆ ಕಾಡಂಚಿನಲ್ಲಿದ್ದು ಈಗ ಇಲ್ಲಿ ನೆಲೆಯಾದ ಜನ. ಗಂಡಸರು ಗಾರೆ ಕೆಲಸಕ್ಕೋ ತೋಟಕ್ಕೋ ಹೋಗುತ್ತಾರೆ, ಹೆಂಗಸರು ಅಡಿಕೆ ಸುಲಿಯಲು ಹೋಗುತ್ತಾರೆ. ಮದುವೆಯೆಂದರೆ ಮೊದಲ ಹಕ್ಕು ಸೋದರಮಾವನ ಮನೆಯದು. ತಂಗಿಯ ಮಗಳನ್ನು ಅಣ್ಣ ತನ್ನ ಮಗನಿಗೆ ತಂದುಕೊಂಡರೆ ಮನೆಯ ದೀಪ ಮನೆಯಲ್ಲೇ ಉಳಿಯಿತು ಎಂಬ ಲೆಕ್ಕ. ಕಾಯಿಲೆಯೂ ಹಾಗೆಯೇ ಮನೆಯಲ್ಲೇ ಉಳಿಯುತ್ತದೆ ಎಂದು ಹೇಳುವುದಕ್ಕೆ ನಾನು ಅಲ್ಲಿಗೆ ಹೋಗಬೇಕಾಗಿತ್ತು.

ಸಭೆ ಇದ್ದದ್ದು ಸಮುದಾಯ ಭವನದಲ್ಲಿ. ನನ್ನ ಜೊತೆ ಲ್ಯಾಬಿನ ಒಬ್ಬ ಹುಡುಗಿ ಬಂದಿದ್ದಳು, ಅವಳು ಮೂಲೆಯಲ್ಲಿ ಮೇಜು ಹಾಕಿಕೊಂಡಳು. ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ ಜನರನ್ನು ಕರೆತಂದಿದ್ದಳು. ಬಂದವರ ಮುಖ ನೋಡಿದರೆ ನಾನು ಸಾಲ ವಸೂಲಿಗೆ ಬಂದವಳೋ ಎಂಬಂತಿತ್ತು.

ಮೊದಲು ಬಾಯಿ ಬಿಟ್ಟವಳು ಬಾಗಿಲ ಹತ್ತಿರ ಕಾಲು ಚಾಚಿ ಕೂತಿದ್ದ ದಪ್ಪನೆಯ ಹೆಂಗಸು. ಬಾಯಿತುಂಬ ಎಲೆಯಡಿಕೆ. "ಅಲ್ರೀ ಮೇಡಂ, ಪೇಟೇಲಿ ಇಷ್ಟು ಜನ ಇದಾರೆ. ನಮ್ ರಕ್ತಾನೇ ಯಾಕೆ ಬೇಕು ನಿಮಗೆ?"

"ನಿಮ್ಮಲ್ಲಿ ಈ ಕಾಯಿಲೆ ಜಾಸ್ತಿ ಕಾಣಿಸಿದೆ, ಅದಕ್ಕೆ" ಎಂದೆ.

"ನೋಡೋರು ನಮ್ಮನ್ನೇ ನೋಡಿದ್ರೆ ನಮ್ಮಲ್ಲೇ ಕಾಣ್ಸುತ್ತೆ."

ಎಲ್ಲರೂ ನಕ್ಕರು. ನನಗೆ ರೇಗಿತು, ಆದರೆ ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆಮೇಲೆ ಗೊತ್ತಾಯಿತು, ಆಕೆ ಬರುವ ತಿಂಗಳು ಅತ್ತೆಯಾಗುವವಳು. ಅವಳ ಮಗನಿಗೆ ಅದೇ ಕಾಲೋನಿಯಲ್ಲಿದ್ದ ಅವಳ ನಾದಿನಿಯ ಮಗಳನ್ನು ತರುವುದೆಂದು ಎಲೆಯಡಿಕೆ ಬದಲಾಯಿಸಿಯಾಗಿತ್ತು.

ಆ ನಾದಿನಿ ನನಗೆ ಹಳೆಯ ಪರಿಚಯ. ನಮ್ಮ ಆಸ್ಪತ್ರೆಗೆ ಬರುತ್ತಿದ್ದ ಸಿಕಲ್ ಸೆಲ್ ರೋಗಿ. ತೆಳ್ಳಗೆ, ಕಣ್ಣಲ್ಲಿ ಒಂದಿಷ್ಟು ಹಳದಿ, ಗಂಡ ತೀರಿಕೊಂಡಿದ್ದಾನೆ, ಒಬ್ಬಳೇ ಮಗಳು. ಗಂಡ ಹೋದರೂ ಕೈಯ ಹಸಿರು ಬಳೆ ತೆಗೆದವಳಲ್ಲ. "ನನ್ನ ಮಗಳಿಗೆ ಬರಿಗೈ ತಾಯಿ ಬೇಡ" ಎಂದು ಜಗಳ ಮಾಡಿ ಉಳಿಸಿಕೊಂಡಿದ್ದಳಂತೆ. ಅವತ್ತು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಕೂತಿದ್ದಳು.

ನಾನು ಶುರುಮಾಡಿದೆ. ನೋವು ಯಾವಾಗ ಬರುತ್ತದೆ? ಮೈಯಲ್ಲಿ ನೀರು ಕಡಿಮೆಯಾದಾಗ, ಚಳಿಯಲ್ಲಿ ನೆಂದಾಗ, ಜ್ವರ ಬಂದಾಗ, ಶಕ್ತಿ ಮೀರಿ ದುಡಿದಾಗ, ಹೆಂಡ ಕುಡಿದಾಗ. ಬಂದರೆ ಏನು ಮಾಡಬೇಕು? ಬೆಚ್ಚಗೆ ಇರಿಸಿ, ನೀರು ಕೊಡಿ, ಡಾಕ್ಟರು ಹೇಳಿದ ನೋವಿನ ಮಾತ್ರೆ ಕೊಡಿ, ಬಿಸಿನೀರಿನ ಬಟ್ಟೆ ಹಿಂಡಿ ಶಾಖ ಕೊಡಿ, ಐಸ್ ಮಾತ್ರ ಇಡಬೇಡಿ. ಜ್ವರ ಏರಿದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ಮಗುವಿನ ಎಡಪಕ್ಕೆಯ ಕೆಳಗೆ ಹೊಟ್ಟೆ ಊದಿಕೊಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ. ದಿನಾ ನುಂಗುವ ಮಾತ್ರೆ ಕೊಟ್ಟಿದ್ದರೆ ನೋವಿಲ್ಲವೆಂದು ಬಿಡಬೇಡಿ.

"ನೀರು ಕುಡೀರಿ ಅಂತ ನೀವು ಸುಲಭವಾಗಿ ಹೇಳ್ತೀರ" ಎಂದಳು ಮದುವೆ ಹುಡುಗಿಯ ತಾಯಿ, ಇದ್ದಕ್ಕಿದ್ದಂತೆ. ಅವಳು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. "ಅಡಿಕೆ ಸುಲಿಯೋಕೆ ಕೂತ ಕಡೆ ಹೆಂಗಸರಿಗೆ ಹೋಗೋಕೆ ಜಾಗ ಇರಲ್ಲ ಅಕ್ಕಾ. ಅದಕ್ಕೇ ಬೆಳಗ್ಗೆಯಿಂದ ಒಂದು ತೊಟ್ಟೂ ಕುಡಿಯಲ್ಲ. ನಂಗೆ ನೋವು ಬರೋದು ಅಡಿಕೆ ಸುಗ್ಗಿಯಲ್ಲೇ. ನಾನು ಮಾಟ ಅಂದ್ಕೊಂಡಿದ್ದೆ."

ಹೆಂಗಸರೆಲ್ಲ ತಲೆಯಾಡಿಸಿದರು. ಆಗಲೇ ನನಗೆ ಅವರ ಕಿವಿ ಸಿಕ್ಕಿದ್ದು. ನೀರಿನ ಬಾಟಲಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ, ಕಾಯಿಲೆ ಇರುವ ದೊಡ್ಡವರಿಗೆ ದಿನಕ್ಕೆ ಮೂರು ಲೀಟರಿನಷ್ಟು ಬೇಕು, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಕುಡಿಯಿರಿ, ಜಾಗದ ವಿಷಯ ಕೆಲಸ ಕೊಡುವವರ ಹತ್ತಿರ ಹತ್ತು ಜನ ಸೇರಿ ಕೇಳಿ ಎಂದೆ.

ಆಮೇಲೆ ಮದುವೆಯ ಮಾತು. ಇದಕ್ಕೆ ನಾನು ಪೋಸ್ಟರ್ ಬಿಚ್ಚುವುದಿಲ್ಲ. ಪೋಸ್ಟರ್ ಕಂಡರೆ ಜನ ಆಕಳಿಸುತ್ತಾರೆ. ಗಾಂಧಿ ಬಜಾರಿನಿಂದ ತಂದ ಗಾಜಿನ ಬಳೆಗಳನ್ನು ಚೀಲದಿಂದ ತೆಗೆದೆ. ಕೆಂಪು ಬಳೆ ಎಂದರೆ ಒಳ್ಳೆಯ ಗುಣ, ಹಸಿರು ಬಳೆ ಎಂದರೆ ಸಿಕಲ್ ಗುಣ. ಪ್ರತಿಯೊಬ್ಬರ ಹತ್ತಿರ ಎರಡು ಬಳೆ, ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು.

ಬಾಗಿಲ ಹತ್ತಿರದವಳು ಎದ್ದೇ ನಿಂತಳು. "ಹಸಿರು ಬಳೆ ಮುತ್ತೈದೇದು ಕಣ್ರೀ! ಅದನ್ನ ಕಾಯಿಲೆ ಅಂತೀರಲ್ಲ, ಬಾಯಲ್ಲಿ ಹುಳ ಬೀಳುತ್ತೆ."

ರಕ್ತ ಕೆಂಪಲ್ಲವೇ, ಒಳ್ಳೆಯದಕ್ಕೆ ಕೆಂಪಿರಲಿ ಎಂದು ತಂದಿದ್ದೆ. ಹಸಿರು ಬಳೆಯ ಮೇಲೆ ಕೈ ಹಾಕಿದರೆ ಇಡೀ ಹೆಂಗಸರ ಕುಲವೇ ತಿರುಗಿಬೀಳುತ್ತದೆ ಎಂದು ನನಗೆ ಹೊಳೆಯಬೇಕಿತ್ತು. "ತಪ್ಪಾಯ್ತಮ್ಮ, ಇವತ್ತಿಗೆ ಇದೇ ಇರ್ಲಿ, ಮುಂದಿನ ಸಲ ಬೇರೆ ಬಣ್ಣ ತರ್ತೀನಿ" ಎಂದು ಸಮಾಧಾನ ಮಾಡಿದೆ. ಆದರೆ ಜಗಳವಾದದ್ದರಿಂದ ಎಲ್ಲರೂ ಕತ್ತು ಚಾಚಿ ನೋಡಿದರು.

ಒಂದು ಕೆಂಪು ಒಂದು ಹಸಿರು ಇದ್ದವರು ಕ್ಯಾರಿಯರ್, ಅಂದರೆ ವಾಹಕರು. ಅವರು ರೋಗಿಗಳಲ್ಲ, ಎಲ್ಲರಂತೆ ದುಡಿದು ತಿಂದು ಬಾಳುತ್ತಾರೆ. ಎರಡೂ ಹಸಿರು ಇದ್ದರೆ ರೋಗ. ಇಬ್ಬರು ಕ್ಯಾರಿಯರ್‌ಗಳು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗದ ಮಗುವಾಗುವ ಸಂಭವ. ಒಂದು ಮಗು ಚೆನ್ನಾಗಿ ಹುಟ್ಟಿತೆಂದು ಮುಂದಿನದರ ಭಯ ತಪ್ಪುವುದಿಲ್ಲ. ಒಬ್ಬರು ಕ್ಯಾರಿಯರ್ ಆಗಿ ಇನ್ನೊಬ್ಬರು ಎರಡೂ ಕೆಂಪಿನವರಾದರೆ ರೋಗದ ಮಗು ಹುಟ್ಟುವುದಿಲ್ಲ, ಕ್ಯಾರಿಯರ್ ಹುಟ್ಟಬಹುದು ಅಷ್ಟೆ. "ಮದುವೆ ಆಗ್ಬೇಡಿ ಅಂತ ನಾನು ಹೇಳಲ್ಲ. ತಿಳ್ಕೊಂಡು ಆಗಿ. ಜಾತಕ ನೋಡೋ ಮೊದಲು ರಕ್ತ ನೋಡಿ."

"ಎರಡೂ ಹಸಿರು ಇದ್ದೋರ ಮಕ್ಕಳಿಗೆ?" ಎಂದು ಯಾರೋ ಕೇಳಿದರು.

"ತಾಯಿ ಹತ್ರ ಇರೋದೇ ಎರಡು ಹಸಿರು. ಕೆಂಪು ಎಲ್ಲಿಂದ ಕೊಡ್ತಾಳೆ? ಪ್ರತಿ ಮಗೂಗೂ ಒಂದು ಹಸಿರು ಕೊಡಲೇಬೇಕು" ಎಂದು ಎರಡು ಹಸಿರು ಬಳೆಗಳನ್ನು ಎತ್ತಿ ಟಣ್ಣೆಂದು ಬಡಿದು ತೋರಿಸಿದೆ. ಮುಂದಿನ ಸಾಲಿನ ತಾಯಿ ತಲೆ ತಗ್ಗಿಸಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು.

ಅಷ್ಟು ಹೊತ್ತಿಗೆ ಮೂಲೆಯ ಮೇಜಿನಲ್ಲಿ ಬೆರಳು ಚುಚ್ಚುವ ಕೆಲಸ ನಡೆದಿತ್ತು. ಅಲ್ಲಿ ಮಾಡುವುದು ಬರೀ ಮೊದಲ ಪರೀಕ್ಷೆ. ಸಿಕಲ್ ಗುಣ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ, ಕ್ಯಾರಿಯರೋ ರೋಗಿಯೋ ಎಂದು ಹೇಳುವುದಿಲ್ಲ. ಇದೆ ಎಂದು ಬಂದವರ ರಕ್ತವನ್ನು ಶಿವಮೊಗ್ಗಕ್ಕೆ ತಂದು ಯಂತ್ರದಲ್ಲಿ ನೋಡಬೇಕು. ಮದುವೆ ಗಂಡು, ಗಾರೆ ಕೆಲಸದ ಸಾಧು ಹುಡುಗ, ತಾನಾಗಿಯೇ ಬಂದು ಬೆರಳು ಕೊಟ್ಟ. ಇದೆ ಎಂದು ಬಂತು. ಮದುವೆ ಹುಡುಗಿಯ ಸರದಿ ಬಂದಾಗ ಅತ್ತೆಯಾಗುವವಳು ಮತ್ತೆ ಗದ್ದಲ ತೆಗೆದಳು. ಎಲೆಯಡಿಕೆ ಬದಲಾಯಿಸಿದ ಹುಡುಗಿಯ ಮೈಯಿಂದ ಮದುವೆಯ ತನಕ ರಕ್ತ ಬೀಳಬಾರದಂತೆ. ತರಕಾರಿ ಹೆಚ್ಚುವುದಕ್ಕೂ ಬಿಡುವುದಿಲ್ಲವಂತೆ. ನಾನು ಗಂಡಸರಿಗೆ ಏನೋ ಉತ್ತರ ಹೇಳುತ್ತಿದ್ದೆ. ಮುಗಿಸಿ ತಿರುಗಿದಾಗ ತಲೆಯ ಮೇಲೆ ಶಾಲು ಹೊದ್ದ ಒಬ್ಬ ಹುಡುಗಿ ಮೇಜಿನಿಂದ ಏಳುತ್ತಿದ್ದಳು. ಲ್ಯಾಬಿನವಳು ಆಮೇಲೆ ಹೇಳಿದಳು: ಮದುವೆ ಹುಡುಗಿಯದು ಇಲ್ಲ ಎಂದು ಬಂದಿದೆ, ಅವಳಿಗೂ ಹೇಳಿದ್ದೇನೆ.

ಇಲ್ಲ ಎಂದು ಹೇಗೆ ಬರುತ್ತದೆ? ತಾಯಿಗೆ ಎರಡೂ ಹಸಿರು. ನನ್ನ ತಲೆಯಲ್ಲಿ ಕೂಡಲೇ ಬಂದದ್ದು ಶಾಲು. ಹಿಂದೊಮ್ಮೆ ಬೇರೊಂದು ಊರಿನಲ್ಲಿ ಹೀಗೇ ಆಗಿತ್ತು. ಶಾಸ್ತ್ರ ಕೆಡಬಾರದೆಂದು ಅಕ್ಕನ ಹೆಸರಿನಲ್ಲಿ ತಂಗಿ ಬೆರಳು ಕೊಟ್ಟಿದ್ದಳು. ಇಲ್ಲಿಯೂ ಅವಳ ವಯಸ್ಸಿನ ಹುಡುಗಿಯರು ಬೇಕಾದಷ್ಟು ಜನ ಇದ್ದರು. ಶಾಲು ಹೊದೆದರೆ ಎಲ್ಲ ಹುಡುಗಿಯರೂ ಒಂದೇ.

ಚೀಲ ಕಟ್ಟಿ ಬಸ್ಸಿಗೆ ಹೊರಟಾಗ ಮದುವೆ ಹುಡುಗಿ ಹಿಂದೆ ಬಂದಳು. ಪಿಯುಸಿ ಮುಗಿಸಿ ಭದ್ರಾವತಿಯ ನ್ಯೂಟೌನಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಚುರುಕು ಹುಡುಗಿ. "ಮೇಡಂ, ಅವ್ವ ಒಂದು ಹಸಿರು ಕೊಡಲೇಬೇಕಾ? ಅಪರೂಪಕ್ಕೆ ಒಂದ್ಸಲ ಕೊಡದೆಯೂ ಇರಬೌದಾ?"

"ಇಲ್ಲ. ಕೊಡಲೇಬೇಕು" ಎಂದೆ, ಕಣ್ಣಲ್ಲಿ ಕಣ್ಣಿಟ್ಟು.

ಅವಳ ಮುಖ ಬಿಳಿಚಿಕೊಂಡಿತು. ಕಳ್ಳತನ ಸಿಕ್ಕಿಬಿತ್ತೆಂದು ಹೆದರಿದ್ದಾಳೆ ಅಂದುಕೊಂಡೆ. ಬಸ್ಸಿನಲ್ಲಿ ಕೂತು ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಹುಡುಗನ ಯಂತ್ರದ ರಿಪೋರ್ಟ್ ಬಂತು. ಕ್ಯಾರಿಯರ್. ಅವನನ್ನು ಒಬ್ಬನನ್ನೇ ಕೂರಿಸಿ ಹೇಳಿದೆ. ಅವನು ಅಳುಕಲಿಲ್ಲ, ಮನೆಯಲ್ಲಿ ತಾನೇ ಹೇಳುತ್ತೇನೆ ಎಂದ. ಇನ್ನು ಉಳಿದದ್ದು ಹುಡುಗಿ. ಮತ್ತೆ ಕಾಲೋನಿಗೆ ಹೋಗಿ, ತಾಯಿಯನ್ನು ಮನೆಯ ಹಿಂದಕ್ಕೆ ಕರೆದು, ಮಗಳ ರಕ್ತ ಇನ್ನೊಮ್ಮೆ ಬೇಕು ಎಂದೆ.

"ಒಂದ್ಸಲ ಕೊಟ್ಟಾಯ್ತಲ್ಲ" ಎಂದಳು.

"ಕೊಟ್ಟಿದ್ದು ಅವಳೇನಾ?"

ಇಷ್ಟು ದಿನ ಅಕ್ಕ ಎಂದು ಪ್ರೀತಿಯಿಂದ ಮಾತಾಡಿಸುತ್ತಿದ್ದವಳು ಹಾವು ತುಳಿದವಳ ಹಾಗೆ ಹಿಂದೆ ಸರಿದಳು. "ನಮ್ಮನ್ನ ಕಳ್ಳರು ಅಂತೀರಾ? ನನ್ನ ಮಗಳ ಮೈ ಮುಟ್ಟಬೇಡಿ. ಹೋಗಿ ಮೇಡಂ, ನಿಮ್ಮ ಮಾತ್ರೆಯೂ ಬೇಡ ನಿಮ್ಮ ಸಹವಾಸವೂ ಬೇಡ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ನನ್ನ ಅನುಮಾನ ಗಟ್ಟಿಯಾಯಿತು. ಸಿಟ್ಟೂ ಬಂತು. ತಾನು ಇಷ್ಟು ವರ್ಷ ಅನುಭವಿಸಿದ ನೋವು ಮೊಮ್ಮಕ್ಕಳಿಗೆ ಬಂದರೂ ಪರವಾಗಿಲ್ಲ, ಮದುವೆಯೊಂದು ಆಗಿಹೋಗಲಿ ಎನ್ನುವ ತಾಯಿ ಎಂಥವಳು! ಮನೆಗೆ ಬಂದು ಯಜಮಾನರ ಮುಂದೆ ಕೂಗಾಡಿದೆ. ಅವರು ಪೇಪರಿನಿಂದ ತಲೆಯೆತ್ತಿ, "ಬೇರೆ ಕಾರಣ ಇರಬಹುದಲ್ಲ" ಎಂದರು. "ಬೇರೆ ಏನಿರುತ್ತೆ ರೀ" ಎಂದು ಬಾಯಿ ಮುಚ್ಚಿಸಿದೆ.

ಅದಾಗಿ ಕೆಲವೇ ದಿನಗಳಲ್ಲಿ ಆ ತಾಯಿಯನ್ನು ಆಟೋದಲ್ಲಿ ಮಲಗಿಸಿಕೊಂಡು ಶಿವಮೊಗ್ಗಕ್ಕೆ ತಂದರು. ಮದುವೆಗೆ ಮನೆ ತೊಳೆಯುತ್ತೇನೆಂದು ಚಳಿಯಲ್ಲಿ ನೆನೆದು, ಊಟ ನೀರು ಬಿಟ್ಟು ದುಡಿದಿದ್ದಳು. ಸೊಂಟ, ತೊಡೆ, ಬೆನ್ನು ಎಲ್ಲ ಕಡೆ ನೋವು. ನಾನು ವಾರ್ಡಿಗೆ ಹೋದಾಗ ಡ್ರಿಪ್ ಹಾಕಿ ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ಆದರೂ ಮಂಚದ ಕಂಬಿ ಹಿಡಿದು ನರಳುತ್ತಿದ್ದಳು. ಮಗಳು ಬಿಸಿಬಟ್ಟೆ ಹಿಂಡಿ ಹಿಂಡಿ ತೊಡೆಗೆ ಇಡುತ್ತಿದ್ದಳು, ನಡುನಡುವೆ ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದು ತುಟಿಗೆ ಮುಟ್ಟಿಸುತ್ತಿದ್ದಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ನಡೆಯಲು ಕಲಿತಾಗಿನಿಂದ ಮಾಡಿದ ಕೆಲಸ.

ನನ್ನನ್ನು ಕಂಡದ್ದೇ ಹುಡುಗಿ ಎದ್ದು ಹೊರಗೆ ಬಂದಳು. "ನನ್ನ ರಕ್ತ ತಗೊಳ್ಳಿ ಮೇಡಂ. ಅವತ್ತು ಕೊಟ್ಟಿದ್ದೂ ನಾನೇ. ನಂಬಲ್ಲ ಅಂದ್ರೆ ಈಗ ನಿಮ್ಮ ಎದುರಿಗೇ ತಗೊಳ್ಳಿ. ಅವ್ವಂಗೆ ಹೇಳ್ಬೇಡಿ."

ವಯಸ್ಸಿಗೆ ಬಂದವಳು, ತಾನೇ ಕೇಳುತ್ತಿದ್ದಾಳೆ. ನಾನು ಪಕ್ಕದಲ್ಲೇ ನಿಂತು, ಸೂಜಿ ಅವಳ ತೋಳಿಗೆ ಹೋಗುವುದನ್ನು ನೋಡಿ, ಟ್ಯೂಬಿನ ಮೇಲೆ ಹೆಸರು ಅಂಟಿಸಿದ್ದನ್ನೂ ನೋಡಿದೆ. ಈಚೆಗೆ ಯಾವಾಗಾದರೂ ಬೇರೆಯವರ ರಕ್ತ ಹಾಕಿಸಿಕೊಂಡಿದ್ದೀಯಾ ಎಂದೂ ಕೇಳಿದೆ, ಹಾಕಿಸಿಕೊಂಡಿದ್ದರೆ ರಿಪೋರ್ಟ್ ತಪ್ಪಾಗಬಹುದು. ಇಲ್ಲ ಎಂದಳು.

ರಿಪೋರ್ಟ್ ಬಂತು. ಎರಡೂ ಕೆಂಪು. ಸಿಕಲ್ ಗುಣದ ಗೆರೆಯೇ ಇಲ್ಲ.

ಡಾಕ್ಟರಿಗೆ ತೋರಿಸಿದೆ. ಅವರು ತಾಯಿಯ ಹಳೆಯ ರಿಪೋರ್ಟನ್ನೂ ಮಗಳ ಹೊಸ ರಿಪೋರ್ಟನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. "ರಕ್ತ ಇವಳದೇ, ಅಲ್ವಾ? ಯಂತ್ರಾನೂ ಸರಿ ಇದೆ. ಹಾಗಾದ್ರೆ ಇನ್ನು ಒಂದೇ ಉಳೀತು ನೋಡಿ. ನೀವು ಯಾರ ಹತ್ರಾನೂ ಏನೂ ಹೇಳೋಕೆ ಹೋಗ್ಬೇಡಿ" ಎಂದರು.

ಆ ಒಂದು ನನಗೆ ಆಗ ಹೊಳೆಯಿತು. ಇಷ್ಟು ಅನುಮಾನದ ಹೆಂಗಸು ನಾನು, ಎಲ್ಲದರ ಮೇಲೂ ಅನುಮಾನ ಪಟ್ಟಿದ್ದೆ, ಹಡೆದದ್ದರ ಮೇಲೆ ಪಟ್ಟಿರಲಿಲ್ಲ.

ನೋವು ಇಳಿದ ಮೇಲೆ, ಮಗಳು ತಿಂಡಿ ತರಲು ಹೋದ ಹೊತ್ತಿನಲ್ಲಿ, ತಾಯಿ ತಾನೇ ನನ್ನ ಸೆರಗು ಹಿಡಿದಳು.

"ನೀವು ಬಳೆ ಬಡಿದು ತೋರಿಸ್ದಾಗ್ಲೇ ನನ್ನ ಜೀವ ಹೋಯ್ತು ಅಕ್ಕಾ. ನಂಗೆ ಹುಟ್ಟಿದ್ದೊಂದು ಹುಟ್ಟಿದ ದಿನಾನೇ ಹೋಯ್ತು. ಅದೇ ಸಮಯಕ್ಕೆ ನನ್ನ ವಾರಗಿತ್ತಿ ಹೆತ್ತು ಜ್ವರ ಬಂದು ಹೋದ್ಲು. ನಮ್ಮ ಭಾವ ಮಗೂನ ತಂದು ನನ್ನ ಮಡಿಲಿಗೆ ಹಾಕಿದ್ರು. ಎದೇಲಿ ಹಾಲಿತ್ತು. ಕುಡಿಸ್ದೆ. ಅಷ್ಟೇ, ಅವಳು ನನ್ನವಳಾದ್ಲು. ಆಮೇಲೆ ಊರು ಬಿಟ್ಟು ಈ ಕಡೆ ಬಂದ್ವಿ. ನನ್ನ ಅಣ್ಣ ಆಗ ಕಾಫಿ ತೋಟದಲ್ಲಿದ್ದ, ಅವನಿಗೂ ಗೊತ್ತಿಲ್ಲ. ಈಗ ಭಾವನೂ ಇಲ್ಲ, ನಮ್ಮ ಯಜಮಾನ್ರೂ ಇಲ್ಲ. ಗೊತ್ತಿರೋಳು ನಾನೊಬ್ಬಳೇ."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ" ಎಂದೆ. "ಹುಡುಗ ಕ್ಯಾರಿಯರ್ ಆದ್ರೂ ಇವಳು ಅಲ್ಲ. ಇವರಿಗೆ ರೋಗದ ಮಗು ಹುಟ್ಟಲ್ಲ."

"ಮದುವೆ ಆದ್ರೆ ತಾನೆ? ಅವರು ತಗೊಳ್ತಿರೋದು ಅಣ್ಣ ತಂಗಿ ರಕ್ತ ಅಂತ. ಇವಳು ನನ್ನ ಹೊಟ್ಟೇಲಿ ಹುಟ್ಟಿಲ್ಲ ಅಂದ್ರೆ ಅತ್ತಿಗೆ ಒಪ್ತಾಳಾ? ಮಗಳಿಗೆ ಗೊತ್ತಾದ್ರೆ ನನ್ನನ್ನ ಅವ್ವ ಅಂತಾಳಾ? ಕಳ್ಳಿ ಅನ್ನಿ ನನ್ನನ್ನ, ಬೇರೆಯವರ ರಕ್ತ ಕೊಟ್ಲು ಅನ್ನಿ. ಇದೊಂದು ಮಾತ್ರ ಅನ್ಬೇಡಿ."

ನಾನು ಮಾತು ಕೊಟ್ಟೆ. ಕೊಡದಿದ್ದರೂ ಹೇಳುವಂತಿರಲಿಲ್ಲ. ಆದರೆ ಎಂಥ ಸಿಕ್ಕು ನೋಡಿ! ನಿಜ ಹೇಳಿದರೆ ಸಂಬಂಧ ಮುರಿಯುತ್ತದೆ, ಹೇಳದಿದ್ದರೆ ರಕ್ತದ ಫಲಿತಾಂಶ ಬರೆದು ಹುಡುಗಿಗೆ ಕೊಟ್ಟ ಕಾರ್ಡು ಜನರ ಕಣ್ಣಿಗೆ ಸುಳ್ಳು ಕಾರ್ಡಾಗುತ್ತದೆ. ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ನಾನು ಭಾಷಣಗಳಲ್ಲಿ ಬಳಸಿದ್ದೆನೇ ಹೊರತು ಅದರೊಳಗೆ ನಿಂತಿರಲಿಲ್ಲ.

ತಾಯಿ ಮನೆಗೆ ಹೋದ ವಾರದಲ್ಲೇ ಕರೆ ಬಂತು. ಅತ್ತೆಯಾಗುವವಳು ಆಶಾ ಕಾರ್ಯಕರ್ತೆಯ ಫೋನಿನಿಂದ ಕೂಗಿದಳು: "ನೀವು ಬರ್ಲೇಬೇಕು. ನೀವೇ ಹಚ್ಚಿದ ಬೆಂಕಿ ಇದು."

ಹೋದೆ. ತಾಯಿಯ ಮನೆಯ ಚಿಕ್ಕ ಪಡಸಾಲೆ. ತಾಯಿ ಗೋಡೆಗೊರಗಿ ಕೂತಿದ್ದಳು, ಮಗಳು ಅವಳ ಪಕ್ಕದಲ್ಲಿ. ಸೋದರಮಾವ ಬಾಗಿಲಲ್ಲಿ ಬೀಡಿ ಹಚ್ಚದೆ ಬೆರಳಲ್ಲಿ ಹೊರಳಿಸುತ್ತಿದ್ದ. ಹುಡುಗ ಅಂಗಳದಲ್ಲಿ ನಿಂತಿದ್ದ. ಅತ್ತೆಯಾಗುವವಳು ಪಡಸಾಲೆಯ ನಡುವೆ.

"ನನ್ನ ಮಗನೇ ಬಂದು ಹೇಳ್ದ, ಅವನು ಕ್ಯಾರಿಯರ್ ಅಂತೆ. ಸರಿ, ಒಪ್ಪಿದೆ. ಹುಡುಗಿ ತನ್ನ ಕಾರ್ಡು ತೋರಿಸ್ತಾಳೆ, ಏನೂ ಇಲ್ಲ ಅಂತ. ಅವತ್ತು ನೀವೇನಂದ್ರಿ? ಎರಡು ಹಸಿರು ಇದ್ದೋಳು ಒಂದು ಕೊಡಲೇಬೇಕು ಅಂದ್ರಿ. ನಾನು ಎಲೆಯಡಿಕೆ ಜಗೀತಿದ್ದೆ, ಕಿವಿ ಮುಚ್ಚಿರ್ಲಿಲ್ಲ. ನನ್ನ ನಾದಿನಿ ಒದ್ದಾಡೋದನ್ನ ಇಷ್ಟು ವರ್ಷ ನೋಡಿದೀನಿ. ಅಂಥ ಮೊಮ್ಮಗು ನನ್ನ ಮಡಿಲಿಗೆ ಬೇಡ. ಈಗ ಹೇಳಿ, ನಿಮ್ಮ ಬಳೆ ಸುಳ್ಳೋ, ಈ ಕಾರ್ಡು ಸುಳ್ಳೋ?"

ಅವಳು ನನ್ನ ಪಾಠವನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು. ತಾಯಿ ನನ್ನನ್ನೇ ನೋಡುತ್ತಿದ್ದಳು. "ರಕ್ತ ನನ್ನ ಎದುರಿಗೇ ತೆಗೆದಿದ್ದು. ಕಾರ್ಡು ನಿಜ" ಎಂದೆ.

"ಹಾಗಾದ್ರೆ ಬಳೆ ಸುಳ್ಳು."

ಹೌದು, ಸುಳ್ಳು ಎಂದುಬಿಟ್ಟರೆ ಈ ಮನೆಯ ಗುಟ್ಟು ಉಳಿಯುತ್ತಿತ್ತು. ಆದರೆ ಕಾಲೋನಿಯಲ್ಲಿ ಮದುವೆಯಾಗುವ ವಯಸ್ಸಿನವರು ಇನ್ನೂ ಎಷ್ಟೋ ಮಂದಿ ಇದ್ದರು, ಬಳೆ ಸುಳ್ಳಂತೆ ಎಂಬ ಮಾತು ನಾಳೆಯೇ ಅವರ ಕಿವಿಗೆ ಬೀಳುತ್ತಿತ್ತು. ನನಗೆ ಅಳು ಬಂದಂತಾಯಿತು.

"ಬಳೆ ನಿಜ ಅತ್ತೆ" ಎಂದಳು ಹುಡುಗಿ. "ಕಾರ್ಡೂ ನಿಜ. ನಾನು ಅವ್ವನ ಹೊಟ್ಟೇಲಿ ಹುಟ್ಟಿಲ್ಲ."

ತಾಯಿ ಬಾಯಿಗೆ ಸೆರಗು ತುರುಕಿಕೊಂಡಳು. "ಯಾರೇ ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ಲ. ಅವತ್ತು ಮೇಡಂನ ಕೇಳ್ದೆ, ಕೊಡದೆ ಇರಬೌದಾ ಅಂತ. ಇಲ್ಲ ಅಂದ್ರು. ಬೆರಳು ಕೊಟ್ಟಿದ್ದು ನಾನೇ ಅಂತ ನಂಗೆ ಗೊತ್ತಿತ್ತಲ್ಲ. ಅವತ್ತಿಂದ ಗೊತ್ತು."

ಅಂದರೆ ವಾರ್ಡಿನಲ್ಲಿ ಬಿಸಿಬಟ್ಟೆ ಹಿಂಡುವಾಗಲೂ ಗೊತ್ತಿತ್ತು. ತೋಳು ಚಾಚಿದಾಗಲೂ ಗೊತ್ತಿತ್ತು. ಅವಳು ಕೇಳಿದ ಪ್ರಶ್ನೆಗೆ ನಾನು ಕಣ್ಣಲ್ಲಿ ಕಣ್ಣಿಟ್ಟು ಕೊಟ್ಟ ಉತ್ತರ ನೆನಪಾಯಿತು.

ಅತ್ತೆಯಾಗುವವಳು ಗಂಡನ ಮುಖ ನೋಡಿದಳು. ಅವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ನೆಲ ನೋಡಿದ. "ಮತ್ತೆ ನಾವು ತಗೊಳ್ತಿರೋದು ಯಾರ ಮಗಳನ್ನ?" ಎಂದಳು ಆಕೆ, ದನಿ ತಗ್ಗಿಸಿ. ಅಷ್ಟು ಹೊತ್ತು ಕೂಗಿದ್ದಕ್ಕಿಂತ ಆ ತಗ್ಗಿದ ದನಿಗೆ ನನಗೆ ಹೆಚ್ಚು ಭಯವಾಯಿತು.

ಹುಡುಗಿ ತಾಯಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ನೋವಿನಲ್ಲಿ ಸೊರಗಿ ಆ ಕೈ ಎಷ್ಟು ತೆಳ್ಳಗಾಗಿತ್ತೆಂದರೆ ಬಳೆ ತಾನಾಗಿಯೇ ಜಾರುತ್ತಿತ್ತು. ಎರಡು ಹಸಿರು ಬಳೆಗಳಲ್ಲಿ ಒಂದನ್ನು ಮೆಲ್ಲಗೆ ಬಿಡಿಸಿ ತನ್ನ ಕೈಗೆ ತೊಟ್ಟುಕೊಂಡಳು. "ಎರಡಿದ್ರೆ ಮಗಳಿಗೆ ಒಂದು ಕೊಡಲೇಬೇಕಂತೆ ಅಲ್ವೇನವ್ವಾ? ನೀನೂ ಕೊಟ್ಟೆ ನೋಡು" ಎಂದಳು.

ತಾಯಿ ಅವಳ ಹೆಗಲ ಮೇಲೆ ಬಿದ್ದು ಅತ್ತಳು. ನಾನೂ ಅತ್ತೆ, ನಾಚಿಕೆ ಪಡದೆ.

ಅತ್ತೆಯಾಗುವವಳು ಬಹಳ ಹೊತ್ತು ಆ ಬಳೆಯನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಅದೇ ಮೊದಲ ದಿನದ ಅನುಮಾನ.

"ಇವರಿಬ್ಬರಿಗೆ ಕಾಯಿಲೆ ಮಗು ಹುಟ್ಟಲ್ಲ ತಾನೆ? ನಿಜ ಹೇಳಿ."

"ಹುಟ್ಟಲ್ಲ. ಕ್ಯಾರಿಯರ್ ಹುಟ್ಟಬಹುದು, ಅದು ಕಾಯಿಲೆ ಅಲ್ಲ. ಮಗು ಹುಟ್ಟಿದ ಮೇಲೆ ಅದರ ರಕ್ತಾನೂ ನೋಡೋಣ."

"ಮತ್ತೆ ಈ ಬಳೆ? ಇದನ್ನ ಹಿಡಿಯೋಕೆ ನಿಮ್ಮ ಶಿವಮೊಗ್ಗದಲ್ಲಿ ಯಂತ್ರ ಇದೆಯೇನ್ರೀ?"

"ಇಲ್ಲ" ಎಂದೆ.

"ಇಲ್ಲ ಅಂದ್ಮೇಲೆ ಇವಳು ಯಾರ ಹೊಟ್ಟೇಲಿ ಹುಟ್ಟಿದ್ದು ಅಂತ ಊರಿಗೆ ಹೆಂಗೆ ಗೊತ್ತಾಗುತ್ತೆ" ಎಂದಳು. ಎದ್ದು ಹೋಗಿ ಮಗನನ್ನು ಒಳಗೆ ಕರೆದು ಅಂಗಳದ ಕಡೆಯ ಬಾಗಿಲನ್ನು ಮುಚ್ಚಿದಳು. ಆಮೇಲೆ ಬಾಟಲಿ ತಂದು ನಾದಿನಿಯ ಮುಂದೆ ಕುಕ್ಕಿದಳು. "ಅತ್ತಿದ್ದು ಸಾಕು, ನೀರು ಕುಡಿ. ಮಗಳ ಮದುವೆಗೆ ಇನ್ನು ಎಷ್ಟು ದಿನ ಇದೆ ಅಂದ್ಕೊಂಡಿದೀಯ?"